ಹಸಿರೆಲ್ಲ ಸ್ಪಿರುಲಿನವಲ್ಲ

ಕೆರೆಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಾವಸೆಯನ್ನು ಬಯ್ಯದವರು ವಿರಳ. ಅದೇ ಬಳಗದ ಒಂದು ಜೀವಿ ಇಂದು ಔಷಧದ ಅಂಗಡಿಯಲ್ಲಿ ಮಾತ್ರೆಯಾಗಿ, ಡಬ್ಬಿಯಲ್ಲಿ ಕಡುಹಸಿರು ಪುಡಿಯಾಗಿ ಕುಳಿತಿದೆ. ಅದರ ಹೆಸರು ಸ್ಪಿರುಲಿನ. ಸಸ್ಯಶಾಸ್ತ್ರಜ್ಞರು ಈಗ ಅದನ್ನು ಅರ್ಥ್ರೋಸ್ಪೈರಾ ಎಂಬ ಕುಲಕ್ಕೆ ಸೇರಿಸಿದ್ದರೂ ಪೇಟೆಯಲ್ಲಿ ಹಳೆಯ ಹೆಸರೇ ನಿಂತಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುರುಳಿ ಸುತ್ತಿದ ನೀಲಿಹಸಿರು ನೂಲು. ಒಣಗಿದ ಮೇಲೆ ಅದರ ತೂಕದಲ್ಲಿ ನೂರಕ್ಕೆ 60ರಷ್ಟು ಅಥವಾ ಇನ್ನೂ ಸ್ವಲ್ಪ ಹೆಚ್ಚು ಸಸಾರಜನಕ.

ಆಫ್ರಿಕದ ಛಾಡ್ ಸರೋವರದ ಬಳಿಯ ಹೆಂಗಸರು ಇದನ್ನು ನೀರಿನಿಂದ ಸೋಸಿ, ಮರಳ ಮೇಲೆ ಒಣಗಿಸಿ, ‘ದಿಹೆ’ ಎಂಬ ಬಿಲ್ಲೆ ಮಾಡಿ ಸಾರಿಗೆ ಹಾಕುವ ವಾಡಿಕೆ ಬಹು ಹಳೆಯದು. ನಮ್ಮ ನಾಡಿನಲ್ಲಿ ಪಾಚಿಯನ್ನು ಆಹಾರಕ್ಕಾಗಿ ಬೆಳೆಸುವ ಪ್ರಯತ್ನಕ್ಕೆ ಮೈಸೂರೇ ಮುಖ್ಯ ನೆಲೆಯಾಯಿತು. ಅಲ್ಲಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಜರ್ಮನಿಯ ನೆರವಿನೊಡನೆ ಆ ಕೆಲಸ ನಡೆಯಿತು. ಡಾ. ಎಲ್. ವಿ. ವೆಂಕಟರಾಮನ್ ಮತ್ತು ಜರ್ಮನಿಯ ಇ. ಡಬ್ಲ್ಯು. ಬೆಕರ್ ಅವರು 1982ರಲ್ಲಿ ಇದನ್ನು ಕುರಿತು ಗ್ರಂಥವನ್ನೇ ಬರೆದರು. ತೆರೆದ ತೊಟ್ಟಿಯಲ್ಲಿ ಅಗ್ಗವಾಗಿ ಬೆಳೆಯುವ ಮಾರ್ಗ ಯಾವುದು ಎಂಬುದೇ ಅಲ್ಲಿಯ ಪ್ರಶ್ನೆ. ತೆರೆದ ತೊಟ್ಟಿಗೆ ಬಾಗಿಲಿಲ್ಲ. ಗಾಳಿಯಲ್ಲಿ ಬರುವ ಪ್ರತಿಯೊಂದು ಪಾಚಿಯ ಬೀಜವೂ ಅದರಲ್ಲಿ ಬೀಳುತ್ತದೆ. ಹಾಗಿದ್ದೂ ಒಂದೇ ಪಾಚಿ ಬೆಳೆಯುವುದು ಹೇಗೆ? ಬೆಳೆಯದಿದ್ದಾಗ ತಿಳಿಯುವುದು ಹೇಗೆ?

ಮೈಸೂರಿನ ಪಾಕವನ್ನು ಹಿಡಿದು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಲ್ಲಿ ಒಂದು ತೊಟ್ಟಿ ಕಟ್ಟಿದರೆ ಏನಾದೀತೆಂದು ಲೆಕ್ಕ ಹಾಕಿ ನೋಡೋಣ. ಹೊಗೆಸೊಪ್ಪಿನ ಸೀಮೆ, ಬಿಸಿಲೂ ಉಂಟು, ಕೊಡಗಿನ ಕಡೆಯಿಂದ ಬರುವ ಮಳೆಯೂ ಉಂಟು. ಎರಡೂ ನಮ್ಮ ಕಥೆಗೆ ಬೇಕು.

ನೀರೇ ಬೇಲಿ

ತೊಟ್ಟಿ 10 ಮೀಟರ್ ಉದ್ದ, 2 ಮೀಟರ್ ಅಗಲ. ನೀರಿನ ಆಳ ಕೇವಲ 20 ಸೆಂಟಿಮೀಟರ್. ಇನ್ನೂ ಆಳವಾದರೆ ಬಿಸಿಲು ತಳಕ್ಕೆ ಇಳಿಯದು. ಇದರಲ್ಲಿ 4000 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಬೆರೆಸುವ ಸಾಮಗ್ರಿಗಳಲ್ಲಿ ಮುಖ್ಯವಾದದ್ದು ನಮ್ಮ ಅಡುಗೆ ಸೋಡ. ಮೈಸೂರಿನ ಪಾಕದಂತೆ ಲೀಟರಿಗೆ ನಾಲ್ಕೂವರೆ ಗ್ರಾಂ, ಎಂದರೆ ತೊಟ್ಟಿಗೆ 18 ಕಿಲೋ. ಅದರ ಜೊತೆಗೆ 6 ಕಿಲೋ ಸೋಡಿಯಂ ನೈಟ್ರೇಟ್, 2 ಕಿಲೋ ಪೊಟ್ಯಾಸಿಯಂ ಫಾಸ್ಫೇಟ್, ಅಡುಗೆ ಉಪ್ಪು ಮತ್ತು ಪೊಟ್ಯಾಸಿಯಂ ಸಲ್ಫೇಟ್ ತಲಾ 4 ಕಿಲೋ. ಅನ್ನಭೇದಿ 40 ಗ್ರಾಂ ಸಾಕು. ಮೆಗ್ನೀಸಿಯಂ, ಸುಣ್ಣದ ಅಂಶಗಳೂ ಅಲ್ಪ ಪ್ರಮಾಣದಲ್ಲಿ ಬೇಕು.

ಅಡುಗೆ ಸೋಡಕ್ಕೆ ಇಲ್ಲಿ ಎರಡು ಕೆಲಸ. ಒಂದು, ಪಾಚಿಗೆ ಇಂಗಾಲವನ್ನು ಒದಗಿಸುವುದು. ಎರಡು, ನೀರನ್ನು ಕ್ಷಾರವಾಗಿಡುವುದು. ಪಾಚಿ ಇಂಗಾಲವನ್ನು ಹೀರಿಕೊಂಡಂತೆಲ್ಲ ನೀರಿನ ಕ್ಷಾರ ಏರುತ್ತದೆ. ಅದನ್ನು ಅಳೆಯುವ ಪಿ.ಎಚ್. ಅಂಕ ಮೊದಲು 8.5ರ ಸಮೀಪದಲ್ಲಿದ್ದದ್ದು ಕೆಲವು ದಿನಗಳಲ್ಲಿ 9.5, 10ಕ್ಕೆ ಹೋಗುತ್ತದೆ. ಸ್ಪಿರುಲಿನಕ್ಕೆ ಅದೇ ತವರು. ಕೆರೆಕುಂಟೆಗಳ ಹೆಚ್ಚಿನ ಪಾಚಿಗಳಿಗೆ ಅಲ್ಲಿ ಉಸಿರು ಕಟ್ಟುತ್ತದೆ. ಹೀಗೆ ನೀರೇ ಬೇಲಿಯಾಗಿ ನಿಲ್ಲುತ್ತದೆ. ಬೀಜ ಬೀಳುವುದನ್ನು ತಡೆಯದಿದ್ದರೂ ಮೊಳೆಯುವುದನ್ನು ತಡೆಯುತ್ತದೆ.

ಫ್ರಾನ್ಸಿನಲ್ಲಿ ಜ಼ಾರೂಕ್ ಎಂಬವರು 1966ರಲ್ಲಿ ಸಿದ್ಧಪಡಿಸಿದ ಪಾಕದಲ್ಲಿ ಲೀಟರಿಗೆ 16.8 ಗ್ರಾಂ ಸೋಡ ಉಂಟು. ನಮ್ಮ ತೊಟ್ಟಿಗೆ ಆ ಲೆಕ್ಕದಲ್ಲಿ 67 ಕಿಲೋ ಬೇಕಾಗುತ್ತಿತ್ತು. ಮೈಸೂರಿನವರು ಅದನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಿದ್ದು ಖರ್ಚನ್ನು ತಗ್ಗಿಸಲು. ಆದರೆ ಬೇಲಿಯೂ ಅಷ್ಟು ತಗ್ಗಿತೆಂಬುದನ್ನು ಮರೆಯಬಾರದು. ಅಗ್ಗದ ಪಾಕದಲ್ಲಿ ಬೆಳೆಯುವವನು ಹೆಚ್ಚು ಎಚ್ಚರವಾಗಿರಬೇಕು.

ಕೊಳವೆಬಾವಿಯ ಗಡಸು ನೀರಾದರೆ ಇನ್ನೊಂದು ತೊಡಕು. ಸೋಡ ಬಿದ್ದೊಡನೆ ನೀರಿನಲ್ಲಿರುವ ಸುಣ್ಣದ ಅಂಶ ಬಿಳಿಯ ಗಸಿಯಾಗಿ ಇಳಿಯುತ್ತದೆ. ಇಳಿಯುವಾಗ ಫಾಸ್ಫೇಟನ್ನೂ ಪಾಚಿಯ ನೂಲನ್ನೂ ಜೊತೆಗೆಳೆದುಕೊಂಡು ಹೋಗುತ್ತದೆ. ಸಾಬೂನು ನೊರೆ ಕೊಡದ ನೀರಾದರೆ ಮೊದಲೇ ಬೇರೆ ಪಾತ್ರೆಯಲ್ಲಿ ಬಟ್ಟೆ ಸೋಡ ಬೆರೆಸಿ, ಒಂದು ದಿನ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಬಿಡುವುದು ಲೇಸು. ಶುಚಿಯಾಗಿ ಹಿಡಿದ ಮಳೆಯ ನೀರು ಅದಕ್ಕಿಂತಲೂ ಲೇಸು.

ಇನ್ನು ಬೀಜ. ಮೊಸರಿಗೆ ಹೆಪ್ಪು ಹಾಕುವಂತೆ ಶುದ್ಧವಾದ ಸ್ಪಿರುಲಿನವನ್ನು ಸುರಿಯಬೇಕು. ಸುರಿದ ದಿನವೇ ನೀರು ಹಸಿರಾಗಿ ಕಾಣಬೇಕು. ಹೆಪ್ಪು ತೆಳುವಾದರೆ ಬಿಸಿಲು ನೂಲನ್ನು ಬಿಳಿಚಿಸುತ್ತದೆ, ಖಾಲಿ ಉಳಿದ ಬೆಳಕು ಅನ್ಯಪಾಚಿಗೆ ದಕ್ಕುತ್ತದೆ. ಅದರಿಂದ ಮೊದಲು ತೊಟ್ಟಿಯ ಒಂದು ಮೂಲೆಯಲ್ಲಿ ಸ್ವಲ್ಪ ನೀರಿನಲ್ಲಿ ದಟ್ಟವಾಗಿ ಬೆಳೆಸಿ, ಬಳಿಕ ಮೆಲ್ಲಮೆಲ್ಲನೆ ಹಿಗ್ಗಿಸುವುದು ಜಾಣತನ. ದಿನಕ್ಕೆ ಹಲವು ಬಾರಿ ನೀರನ್ನು ಕದಡುವುದು ತಪ್ಪಬಾರದು. ಎಲ್ಲ ನೂಲಿಗೂ ಬೆಳಕಿನ ಸರದಿ ಬರಬೇಕಷ್ಟೆ.

ಕುಯಿಲು

ಬೆಳೆ ಮಾಗಿತೆಂದು ತಿಳಿಯುವ ಉಪಾಯ ಸುಲಭ. ಕೋಲಿನ ತುದಿಗೆ ಬಿಳಿಯ ಬಿಲ್ಲೆಯೊಂದನ್ನು ಕಟ್ಟಿ ನೀರಿಗಿಳಿಸಬೇಕು. ಎರಡು ಮೂರು ಸೆಂಟಿಮೀಟರ್ ಆಳದಲ್ಲೇ ಬಿಲ್ಲೆ ಮರೆಯಾದರೆ ಕುಯ್ಯಬಹುದು. ಐದರಲ್ಲಿಯೂ ಕಾಣುತ್ತಿದ್ದರೆ ಕಾಯಬೇಕು. ಬೆಳಗಿನ ತಂಪಿನಲ್ಲಿ ಕುಯ್ಯುವುದೇ ಮೇಲು. ಆಗ ಸಸಾರಜನಕದ ಅಂಶ ಹೆಚ್ಚಾಗಿರುತ್ತದೆ. ಒಣಗಿಸಲು ಇಡೀ ಹಗಲು ಮುಂದಿರುತ್ತದೆ.

ನೀರನ್ನು ದಟ್ಟ ನೇಯ್ಗೆಯ ನೈಲಾನ್ ಬಟ್ಟೆಯಲ್ಲಿ ಸೋಸಿದರೆ ನೂಲು ಮೇಲೆ ನಿಲ್ಲುತ್ತದೆ, ನೀರು ಮರಳಿ ತೊಟ್ಟಿಗೆ. ಬಟ್ಟೆಯ ಮೇಲಿನ ಮುದ್ದೆಗೆ ಶುದ್ಧವಾದ ನೀರು ಹನಿಸಿ ಸೋಡದ ಅಂಶವನ್ನು ತೊಳೆಯಬೇಕು. ಆದರೆ ಬೇಗ ತೊಳೆಯಬೇಕು, ಸಪ್ಪೆ ನೀರಿನಲ್ಲಿ ಹೆಚ್ಚು ಹೊತ್ತು ನಿಂತ ಜೀವಕೋಶ ಒಡೆದು ಅದರ ನೀಲಿ ಬಣ್ಣ ಸೋರುತ್ತದೆ. ಬಳಿಕ ಭಾರವಿಟ್ಟು ಹಿಂಡಿದರೆ ಚಪಾತಿ ಹಿಟ್ಟಿನಂಥ ಮುದ್ದೆ ಉಳಿಯುತ್ತದೆ. ಅದರಲ್ಲೂ ನೂರಕ್ಕೆ 80 ಪಾಲು ನೀರೇ.

ಒಳ್ಳೆಯ ದಿನಗಳಲ್ಲಿ ಚದರ ಮೀಟರಿಗೆ ದಿನವೊಂದಕ್ಕೆ 5ರಿಂದ 8 ಗ್ರಾಂ ಒಣ ಪಾಚಿ ಎಣಿಸಬಹುದು. ನಮ್ಮ 20 ಚದರ ಮೀಟರಿನ ತೊಟ್ಟಿಯಲ್ಲಿ ಅದು 100ರಿಂದ 160 ಗ್ರಾಂ. ಕುಯ್ದಷ್ಟಕ್ಕೆ ಗೊಬ್ಬರವನ್ನು ಮರಳಿ ಕೊಡಬೇಕು: ಒಂದು ಕಿಲೋ ಒಣ ಪಾಚಿಯಲ್ಲಿ ಸುಮಾರು 100 ಗ್ರಾಂ ಸಾರಜನಕ ಹೊರಹೋಗುವುದರಿಂದ 600 ಗ್ರಾಂ ಸೋಡಿಯಂ ನೈಟ್ರೇಟ್ ಹಾಕಿದರೆ ಸರಿಹೋಗುತ್ತದೆ. ಅಗ್ಗವೆಂದು ಯೂರಿಯಾವನ್ನು ಧಾರಾಳವಾಗಿ ಸುರಿದರೆ ಕ್ಷಾರದ ನೀರಿನಲ್ಲಿ ಅಮೋನಿಯ ಎದ್ದು ಬೆಳೆಯೇ ಸತ್ತೀತು.

ಕಳ್ಳ ಹಸಿರು

ಈಗ ಜುಲೈ ತಿಂಗಳ ಒಂದು ವಾರವನ್ನು ಊಹಿಸಿ. ಹತ್ತು ಸೆಂಟಿಮೀಟರ್ ಮಳೆ ಸುರಿಯಿತು, ತೊಟ್ಟಿಗೆ ಚಪ್ಪರವಿಲ್ಲ. ನೀರು 20ರಿಂದ 30 ಸೆಂಟಿಮೀಟರಿಗೆ ಏರಿತು. ಲೀಟರಿಗೆ ನಾಲ್ಕೂವರೆ ಗ್ರಾಂ ಇದ್ದ ಸೋಡ ಮೂರಕ್ಕೆ ಇಳಿಯಿತು. ಮೋಡ ಕವಿದು ಪಾಚಿ ಕೆಲಸ ನಿಲ್ಲಿಸಿದ್ದರಿಂದ ಪಿ.ಎಚ್. ಕೂಡ 9ರ ಕೆಳಗೆ ಕುಸಿಯಿತು. ಸ್ಪಿರುಲಿನಕ್ಕೆ 35 ಡಿಗ್ರಿಯ ಬಿಸುಪು ಹಿತ. 20ಕ್ಕಿಂತ ಕೆಳಗಿಳಿದರೆ ಅದು ಬೆಳೆಯುವುದೇ ಇಲ್ಲವೆನ್ನಬಹುದು. ಬೇಲಿ ಮುರಿದ ಈ ತಂಪು ನೀರಿಗೆ ಬರುವ ಮೊದಲ ಕಳ್ಳ ಕ್ಲೋರೆಲ್ಲ, ದುಂಡಗಿನ ಒಂಟಿ ಕೋಶದ ಹಸಿರು ಪಾಚಿ.

ಕುತೂಹಲದ ಸಂಗತಿಯೆಂದರೆ, ಕ್ಲೋರೆಲ್ಲ ಹೆಚ್ಚುವುದಕ್ಕೆ ಕುಯಿಲೇ ನೆರವಾಗುತ್ತದೆ. ಸ್ಪಿರುಲಿನದ ನೂಲು ಬಟ್ಟೆಯ ಮೇಲೆ ನಿಲ್ಲುತ್ತದೆ. ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಚಿಕ್ಕದಾದ ಕ್ಲೋರೆಲ್ಲ ಬಟ್ಟೆಯನ್ನು ದಾಟಿ ನೀರಿನೊಡನೆ ತೊಟ್ಟಿಗೇ ಮರಳುತ್ತದೆ. ಪ್ರತಿ ಕುಯಿಲಿನಲ್ಲೂ ನಾವು ಬೆಳೆಯನ್ನು ಕಿತ್ತು ಕಳೆಯನ್ನು ಉಳಿಸಿದಂತಾಗುತ್ತದೆ. ಆದರೆ ಇದರಲ್ಲೇ ಪರೀಕ್ಷೆಯೂ ಅಡಗಿದೆ. ಸೋಸಿ ಬಂದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿ ಅಥವಾ ನಸು ಹಳದಿಯಾಗಿದ್ದರೆ ಕ್ಷೇಮ. ಹುಲ್ಲಿನ ಹಸಿರು ಕಂಡರೆ ಕಳ್ಳ ಒಳಗಿದ್ದಾನೆ. ತೊಟ್ಟಿಯ ಬಣ್ಣವೂ ನೀಲಿಹಸಿರನ್ನು ಬಿಟ್ಟು ಎಳೆಹಸಿರಿಗೆ ತಿರುಗಿರುತ್ತದೆ.

ಆರಂಭದಲ್ಲೇ ಕಂಡರೆ ಸೋಡವನ್ನು ಹೆಚ್ಚಿಸಿ, ಸೋಸಿದ ನೀರನ್ನು ಮರಳಿ ಬಿಡದೆ ಚೆಲ್ಲಿ, ಹೊಸ ಪಾಕ ತುಂಬಿ ಬೆಳೆಯನ್ನು ಉಳಿಸಿಕೊಳ್ಳಬಹುದು. ನೀರಿನಲ್ಲಿ ಕೊಳೆಯುವ ಕಸಕಡ್ಡಿಯನ್ನೂ ತೆಗೆಯಬೇಕು. ಅದು ಕಳೆಗೆ ಊಟ. ಬಲವಾಗಿ ಬೇರೂರಿದ್ದರೆ ತೊಟ್ಟಿಯನ್ನೆಲ್ಲ ಬರಿದುಮಾಡಿ ತೊಳೆದು, ಬೇರೆ ಇಟ್ಟಿದ್ದ ಶುದ್ಧ ಹೆಪ್ಪಿನಿಂದ ಮತ್ತೆ ತೊಡಗುವುದೊಂದೇ ದಾರಿ. ಎಲ್ಲಕ್ಕಿಂತ ಮೊದಲು ತೊಟ್ಟಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮಾಡು ಬೇಕಾಗಿತ್ತು.

ಕ್ಲೋರೆಲ್ಲ ಬೆಳೆಯನ್ನು ಕೆಡಿಸುತ್ತದೆಯೇ ಹೊರತು ತಿಂದವನನ್ನು ಕೊಲ್ಲುವುದಿಲ್ಲ. ನಿಜವಾದ ಅಪಾಯ ಮೈಕ್ರೊಸಿಸ್ಟಿಸ್‌ನಂಥ ನೀಲಿಹಸಿರು ಪಾಚಿಗಳದು. ಅವು ಕ್ಷಾರವನ್ನು ಸ್ವಲ್ಪಮಟ್ಟಿಗೆ ತಾಳಬಲ್ಲವು. ಅವುಗಳಲ್ಲಿ ಹಲವು ಪಿತ್ತಜನಕಾಂಗವನ್ನು ಹಾಳುಮಾಡುವ ವಿಷವನ್ನು ತಯಾರಿಸುತ್ತವೆ. ಈ ವಿಷ ಕುದಿಸಿದರೆ ಹೋಗದು, ಒಣಗಿಸಿದರೂ ಹೋಗದು. ಅಮೆರಿಕದ ಆರೆಗಾನ್ ಸಂಸ್ಥಾನದ ಸರೋವರವೊಂದರಲ್ಲಿ ಬೇರೊಂದು ನೀಲಿಹಸಿರು ಪಾಚಿಯನ್ನು ಕುಯ್ದು ಆಹಾರವಾಗಿ ಮಾರುತ್ತಿದ್ದರು. ಅದರೊಡನೆ ಮೈಕ್ರೊಸಿಸ್ಟಿಸ್ ಬೆರೆಯುವುದು ಕಂಡು, ಸಂಸ್ಥಾನದ ಸರಕಾರ 1997ರಲ್ಲಿ ಒಂದು ಗ್ರಾಂ ಪುಡಿಯಲ್ಲಿ ಈ ವಿಷ ಗ್ರಾಮಿನ ಹತ್ತು ಲಕ್ಷದ ಒಂದು ಪಾಲನ್ನು ಮೀರಕೂಡದೆಂದು ಮಿತಿ ಹಾಕಬೇಕಾಯಿತು. ಲೋಟದ ಪರೀಕ್ಷೆ ಈ ಶತ್ರುವನ್ನು ತೋರಿಸಿಕೊಡಲಾರದು, ಸೂಕ್ಷ್ಮದರ್ಶಕ ಬೇಕು. ಸುರುಳಿ ನೂಲುಗಳ ನಡುವೆ ಚುಕ್ಕೆಗಳ ಗೊಂಚಲು ಕಂಡರೆ ಆ ದಿನದ ಕುಯಿಲು ಯಾರ ಬಾಯಿಗೂ ಹೋಗತಕ್ಕದ್ದಲ್ಲ. ಮಾರುವ ಸರಕಾದರೆ ಪ್ರಯೋಗಶಾಲೆಯ ವಿಷಪರೀಕ್ಷೆಯೂ ಆಗಬೇಕು.

ಒಣಗಿಸುವ ಬಗೆ

ಹಸಿ ಮುದ್ದೆ ಮೀನಿನಂತೆ. ಹೊತ್ತು ಕಳೆದರೆ ನಾರುತ್ತದೆ. ಕುಯ್ದ ದಿನವೇ ಒಣಗಿಸಬೇಕು. ಮುದ್ದೆಯನ್ನು ಶಾವಿಗೆ ಒರಳಿನಲ್ಲಿ ಹಾಕಿ ಜಾಲರಿಯ ಮೇಲೆ ಸಣ್ಣ ಎಳೆಗಳಾಗಿ ಒತ್ತಿದರೆ ಗಾಳಿ ಎಲ್ಲ ಕಡೆಯಿಂದಲೂ ಆಡುತ್ತದೆ. ನೇರ ಬಿಸಿಲು ತಗಲಿದರೆ ಬಣ್ಣವೂ ಜೀವಸತ್ತ್ವವೂ ಹಾಳು. ಆದ್ದರಿಂದ ಮುಚ್ಚಿದ ಸೌರಪೆಟ್ಟಿಗೆಯೇ ಯೋಗ್ಯ. ಬಿಸಿ 60 ಡಿಗ್ರಿಯನ್ನು ಮೀರಬಾರದು. ಎಳೆಯನ್ನು ಬಾಗಿಸಿದರೆ ಟಕ್ಕೆಂದು ಮುರಿಯಬೇಕು. ಬಾಗಿದರೆ ಇನ್ನೂ ಹಸಿಯಿದೆ, ಡಬ್ಬಿಯೊಳಗೆ ಬೂಷ್ಟು ಹಿಡಿಯುತ್ತದೆ.

ಊರ ತುಂಬ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ಇವೆಯಲ್ಲ, ಅಲ್ಲೇ ಒಣಗಿಸಬಾರದೇಕೆ ಎಂದು ರಾವಂದೂರಿನವರು ಕೇಳಬಹುದು. ಕೂಡದು. ಅಲ್ಲಿಯ ಶಾಖ ಕೊನೆಯ ಹಂತದಲ್ಲಿ 60 ಡಿಗ್ರಿಯನ್ನು ದಾಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಗೋಡೆಗೂ ಗಳುವಿಗೂ ಅಂಟಿದ ಹೊಗೆಸೊಪ್ಪಿನ ಧೂಳು ಮಕ್ಕಳು ತಿನ್ನುವ ಪದಾರ್ಥದ ಮೇಲೆ ಬೀಳುವುದು ಸಲ್ಲದು.

ಇಷ್ಟು ಪಾಡುಪಟ್ಟು ಪಡೆದ 10 ಗ್ರಾಂ ಪುಡಿಯಲ್ಲಿ ಆರೂವರೆ ಗ್ರಾಂ ಸಸಾರಜನಕ. ಒಂದು ಕೋಳಿಮೊಟ್ಟೆಯಲ್ಲಿರುವುದೂ ಹೆಚ್ಚುಕಡಮೆ ಅಷ್ಟೇ. ಪುಡಿಯಲ್ಲಿ ಕಬ್ಬಿಣವೂ, ಎ ಜೀವಸತ್ತ್ವವಾಗಿ ಮಾರ್ಪಡುವ ಕ್ಯಾರೊಟೀನೂ ಹೆಚ್ಚು. ಡಬ್ಬಿಯ ಮೇಲೆ ಹೊಗಳುವ ಬಿ-12 ಜೀವಸತ್ತ್ವ ಮಾತ್ರ ಬಹುಪಾಲು ನಮ್ಮ ದೇಹಕ್ಕೆ ದಕ್ಕದ ಬಗೆಯದು. ಆದಕಾರಣ ಕೊಳ್ಳುವ ಗೃಹಿಣಿ ಡಬ್ಬಿಯ ಮೇಲಿನ ಹೊಗಳಿಕೆಯನ್ನು ಓದುವ ಮೊದಲು ಮಾರುವವರನ್ನು ಎರಡು ಮಾತು ಕೇಳಲಿ: ಇದು ಯಾವ ತೊಟ್ಟಿಯದು, ಇದರ ವಿಷಪರೀಕ್ಷೆ ಆಗಿದೆಯೆ?