ಊದಿನಕಡ್ಡಿ ಆರಿದ ಮೇಲೂ ಉಳಿಯುವ ಹೊಗೆ

ಶ್ರಾವಣ ಬಂತೆಂದರೆ ಮಾಸೂರಿನ ಮನೆಗಳಲ್ಲಿ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಜಿಟಿಜಿಟಿ ಮಳೆಗೆ, ತಂಪು ಗಾಳಿಗೆ ಕಿಟಕಿಗಳು ಮುಚ್ಚುತ್ತವೆ. ಒಳಗೆ ಪೂಜೆ ಹೆಚ್ಚುತ್ತದೆ: ಬೆಳಿಗ್ಗೆ ಊದಿನಕಡ್ಡಿ, ಸಂಜೆ ಲೋಬಾನ, ಮಂಗಳಾರತಿಗೆ ಕರ್ಪೂರ. ದಮ್ಮು ಇರುವವರು ರಾತ್ರಿ ಕೆಮ್ಮುತ್ತ ಎದ್ದು ಕೂತರೆ ಮನೆಯವರು ಥಂಡಿಯನ್ನು ದೂರುತ್ತಾರೆ. ಥಂಡಿಯ ಪಾಲೂ ಅದರಲ್ಲಿ ಇರಬಹುದು. ಹೊಗೆಯ ಪಾಲೆಷ್ಟು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಹಿಡಿಯುತ್ತದೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಒಂದು ಗ್ರಾಂ ಧೂಪದ್ರವ್ಯ ಉರಿದರೆ ಸರಾಸರಿ 45 ಮಿಲಿಗ್ರಾಂ ಕಣಗಳು ಏಳುತ್ತವೆ. ಒಂದು ಗ್ರಾಂ ಸಿಗರೇಟಿನಿಂದ ಏಳುವುದು 10 ಮಿಲಿಗ್ರಾಂ. ಒಂದು ಗ್ರಾಂ ಉರಿಯುವ ಕಡ್ಡಿಯ ಹೊಗೆಯೆಲ್ಲ ಆ ಮುಚ್ಚಿದ ಕೋಣೆಯಲ್ಲೇ ಉಳಿಯಿತೆಂದುಕೊಳ್ಳಿ. ಆಗ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 1,600 ಮೈಕ್ರೋಗ್ರಾಂ ಕಣಗಳು ಇರುತ್ತವೆ. ಅತಿ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಸರಾಸರಿ ಮಿತಿ 15. ನಮ್ಮ ದೇಶದ ಮಿತಿ 60. ಕಡ್ಡಿ ನಿಧಾನವಾಗಿ ಉರಿಯುತ್ತದೆ, ಸಂದುಗಳಿಂದ ಒಂದಿಷ್ಟು ಹೊಗೆ ಹೊರಗೂ ಹೋಗುತ್ತದೆ. ಹಾಗಾಗಿ ನಿಜವಾದ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ. ಅರ್ಧಕ್ಕಿಳಿದರೂ ಉಬ್ಬಸದ ಶ್ವಾಸನಾಳಕ್ಕೆ ಅದು ಹೆಚ್ಚೇ.

ನನಗೆ ಮುಖ್ಯವೆನಿಸುವುದು ಆಮೇಲಿನ ಮಾತು. ಗಂಟೆಗೊಮ್ಮೆ ಮಾತ್ರ ಗಾಳಿ ಬದಲಾಗುವ ಮುಚ್ಚಿದ ಕೋಣೆಯಲ್ಲಿ ಕಡ್ಡಿ ಆರಿ ಎರಡು ಗಂಟೆಯಾದರೂ ಆ 1,600ರಲ್ಲಿ 200ಕ್ಕಿಂತ ಹೆಚ್ಚು ಉಳಿದಿರುತ್ತದೆ. ಎದುರುಬದುರಿನ ಎರಡು ಕಿಟಕಿ ತೆರೆದು ಗಾಳಿ ಗಂಟೆಗೆ ಹತ್ತು ಸಲ ಬದಲಾಗುವಂತಾದರೆ ಅರ್ಧ ಗಂಟೆಯಲ್ಲಿ ಒಳಗಿನ ಹೊಗೆ ಬಹುಮಟ್ಟಿಗೆ ಹೋಗಿಬಿಡುತ್ತದೆ. ಒಂದೇ ಕಿಟಕಿ ತೆರೆದರೆ ಗಾಳಿ ಅಷ್ಟಾಗಿ ಆಡುವುದಿಲ್ಲ. ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿ ಹೊಗೆಗೂ ದಾರಿಯಾಗಿತ್ತು. ಆರ್‌ಸಿಸಿ ಮನೆ ಕಟ್ಟುವಾಗ ಅದನ್ನು ಬಿಟ್ಟೆವು, ದೇವರ ಕೋಣೆಯನ್ನು ಕಿಟಕಿಯಿಲ್ಲದ ಮೂಲೆಗೆ ತಳ್ಳಿದೆವು.

ಕರ್ಪೂರದ ಬಗ್ಗೆ ಜನರಿಗೆ ಒಂದು ನಂಬಿಕೆಯಿದೆ, ಅದು ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು. ಉರಿಯುವ ಬಿಲ್ಲೆಯ ಮೇಲೆ ಸ್ಟೀಲ್ ತಟ್ಟೆಯೊಂದನ್ನು ಕ್ಷಣ ಹಿಡಿಯಿರಿ, ತಳಕ್ಕೆ ಕಪ್ಪು ಮಸಿ ಅಂಟುತ್ತದೆ. ಕರ್ಪೂರದಲ್ಲಿ ಇಂಗಾಲ ಹೆಚ್ಚು, ಅದೆಲ್ಲ ಪೂರ್ತಿ ಉರಿಯುವುದಿಲ್ಲ. ಆ ಮಸಿಯೇ ಉಸಿರಿನೊಳಗೆ ಹೋಗುವುದು. ಅರಿವೆಯಲ್ಲಿ ಕರ್ಪೂರ ಕಟ್ಟಿ ಮೂಸಿದರೆ ಮೂಗು ಬಿಚ್ಚಿದಂತಾಗುತ್ತದೆ, ನಿಜ. ಅದು ಮೂಗಿನ ನರಗಳಿಗಾಗುವ ತಂಪಿನ ಅನುಭವ. ಬಿಗಿದ ಶ್ವಾಸನಾಳ ಅದರಿಂದ ಸಡಿಲವಾಗುವುದಿಲ್ಲ. ಮಕ್ಕಳು ಬಿಲ್ಲೆ ನುಂಗಿದರೆ ಫಿಟ್ಸ್ ಬರಬಹುದು, ಡಬ್ಬಿ ಅವರ ಕೈಗೆ ಸಿಗದಿರಲಿ.

ಏರ್ ಫ್ರೆಶ್‌ನರ್‌ನಲ್ಲಿ ಹೊಗೆ ಇಲ್ಲವೆಂದು ಕೆಲವರು ಅದಕ್ಕೆ ಹೊರಳುತ್ತಾರೆ. ಅದರ ನಿಂಬೆ, ಕಿತ್ತಳೆ ಪರಿಮಳದಲ್ಲಿ ಇರುವುದು ಹೆಚ್ಚಾಗಿ ಲಿಮೋನಿನ್. ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಅದು ಫಾರ್ಮಾಲ್ಡಿಹೈಡ್ ಮತ್ತು ಅತಿ ಸೂಕ್ಷ್ಮ ಕಣಗಳಾಗುತ್ತದೆ. ಮಳೆಗಾಲದ ಕೋಣೆಯ ಮುಗ್ಗಲು ವಾಸನೆಗೆ ಸ್ಪ್ರೇ ಹೊಡೆದರೆ ವಾಸನೆ ಮುಚ್ಚುತ್ತದೆ, ಗೋಡೆಯ ಬೂಷ್ಟು ಹಾಗೆಯೇ ಇರುತ್ತದೆ. ದಮ್ಮಿಗೆ ಆ ಬೂಷ್ಟೂ ಕಾರಣ.

ಪೂಜೆ ಬಿಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ, ಅದು ಸರಿಯೂ ಅಲ್ಲ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧದಲ್ಲಿ ಪರಿಮಳವಿದೆ, ಹೊಗೆಯಿಲ್ಲ. ಮಂಗಳಾರತಿಗೆ ಸಣ್ಣ ತುಪ್ಪದ ಬತ್ತಿ ಹಚ್ಚಿ, ಬತ್ತಿಯ ತುದಿ ಗಿಡ್ಡವಾಗಿದ್ದರೆ ಮಸಿ ಕಡಿಮೆ. ಊದಿನಕಡ್ಡಿ ಬೇಕೇ ಬೇಕೆಂದರೆ ಅಂಗಳದ ತುಳಸಿಕಟ್ಟೆಯಲ್ಲಿ ಒಂದನ್ನು ಹಚ್ಚಿದರೆ ಸಾಕು. ಪೊಟ್ಟಣದ ಮೇಲಿನ ‘ಹರ್ಬಲ್’ ಎಂಬ ಮಾತಿಗೆ ಮರುಳಾಗಬೇಡಿ. ಗಿಡಮೂಲಿಕೆ ಉರಿದರೂ ಬರುವುದು ಹೊಗೆಯೇ.

ನಿಮ್ಮ ಮನೆಯವರಿಗೆ ಹೊಗೆಯೇ ಕಾರಣವೋ ಅಲ್ಲವೋ ತಿಳಿಯಲು ಔಷಧಿ ಅಂಗಡಿಯಲ್ಲಿ ಸಿಗುವ ಪೀಕ್ ಫ್ಲೋ ಮೀಟರ್ ಎಂಬ ಕೊಳವೆ ಸಾಕು. ಬೆಳಿಗ್ಗೆ, ಸಂಜೆ ಔಷಧಿಗೆ ಮುಂಚೆ ನಿಂತು ಮೂರು ಸಲ ಜೋರಾಗಿ ಊದಿಸಿ, ದೊಡ್ಡ ಅಂಕಿಯನ್ನು ಬರೆದಿಡಿ. ಒಂದು ವಾರ ಎಂದಿನಂತೆ ಕಡ್ಡಿ, ಕರ್ಪೂರ ಇರಲಿ. ಮುಂದಿನ ವಾರ ಮನೆಯೊಳಗೆ ಇವುಗಳಲ್ಲಿ ಯಾವುದನ್ನೂ ಉರಿಸಬೇಡಿ. ಅವರ ಒಳ್ಳೆಯ ದಿನದ ಅಂಕಿ 400 ಎಂದಿಟ್ಟುಕೊಳ್ಳಿ. ಮೊದಲ ವಾರ ಸಂಜೆ ಪೂಜೆಯ ನಂತರ ಅದು 320ಕ್ಕಿಂತ ಕೆಳಗಿಳಿಯುತ್ತಿದ್ದು ಎರಡನೇ ವಾರ ಮೇಲೆ ಬಂದರೆ ಉತ್ತರ ಸಿಕ್ಕಂತೆ. ಈ ಎರಡೂ ವಾರ ವೈದ್ಯರು ಕೊಟ್ಟ ಇನ್ಹೇಲರ್ ನಿಲ್ಲಿಸಬಾರದು. ಅಂಕಿ ಒಳ್ಳೆಯ ದಿನದ ಅರ್ಧಕ್ಕಿಂತ, ಅಂದರೆ ಇಲ್ಲಿ 200ಕ್ಕಿಂತ, ಕೆಳಗಿಳಿದರೆ ಅಥವಾ ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿದ್ದರೆ ರಿಲೀವರ್ ಕೊಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡು ವಾರಗಳಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಗೋವಿನಜೋಳ ಒಕ್ಕುವ ಧೂಳು, ಸೌದೆ ಒಲೆ, ಒದ್ದೆ ಗೋಡೆ ಇವುಗಳ ಕಡೆ ಹುಡುಕಬೇಕು.