ತಡವಾಯಿತು ಅಲ್ಲ, ತಡ ಮಾಡಿದೆವು

ಕೈಯಿಂದ ಲೋಟ ಜಾರಿ ಬಿದ್ದರೆ ಮಗು ಹೇಳುವುದು ‘ಲೋಟ ಒಡೀತು’ ಎಂದು. ‘ನಾನು ಒಡೆದೆ’ ಅನ್ನುವುದಿಲ್ಲ. ದೊಡ್ಡವರ ಭಾಷೆಯೂ ಹೀಗೆಯೇ: ತಡವಾಯಿತು, ತಪ್ಪಿಹೋಯಿತು, ಗಮನಕ್ಕೆ ಬರಲಿಲ್ಲ. ಮಾಡಿದವರು ಯಾರೆಂದು ಹೇಳದೆಯೇ ವಾಕ್ಯ ಮುಗಿಸುವ ಸೌಕರ್ಯವನ್ನು ಕನ್ನಡ ನಮಗೆ ಧಾರಾಳವಾಗಿ ಕೊಟ್ಟಿದೆ. ಪಾರ್ಸಲ್ ತಲುಪಿಸಲಾಗದ ಕಂಪನಿಗಳು ಬರೆಯುವ ಕ್ಷಮಾಪಣೆಗಳಲ್ಲಿ ಈ ಸೌಕರ್ಯ ಯಥೇಚ್ಛವಾಗಿ ಬಳಕೆಯಾಗುತ್ತದೆ. ‘ಅನಿವಾರ್ಯ ಕಾರಣಗಳಿಂದ ವಿಳಂಬವಾಗಿದ್ದು, ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ದೂರದರ್ಶನದ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಫಲಕದ ಮೊಮ್ಮಗ ಇದು. ಆದರೆ ಆ ಫಲಕದ ಮುಂದೆ ಕೂತವರು ಮುಂಗಡ ಹಣ ಕೊಟ್ಟಿರಲಿಲ್ಲ.

ಇಂಥ ಕ್ಷಮಾಪಣೆಗಳು ಈಗ ಹೆಚ್ಚಾಗಿ ಇನ್‌ಸ್ಟಾಗ್ರಾಂನಲ್ಲಿ ಕ್ಯಾರೊಸೆಲ್ ರೂಪದಲ್ಲಿ ಬರುತ್ತವೆ. ಕ್ಯಾರೊಸೆಲ್ ಅಂದರೆ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ನೋಡುವ ಚಿತ್ರಗಳ ಸರಣಿ, ಇಂಗ್ಲಿಷಿನಲ್ಲಿ ತಿರುಗುವ ಆಟದ ಕುದುರೆಗಳ ಚಕ್ರಕ್ಕಿರುವ ಹೆಸರು. ಒಂದು ಪೋಸ್ಟಿನಲ್ಲಿ ಹತ್ತೇ ಚಿತ್ರ ಎಂಬ ಮಿತಿ 2024ರಲ್ಲಿ ಇಪ್ಪತ್ತಕ್ಕೆ ಏರಿತು. ಕ್ಷಮೆ ಕೇಳಲು ಐದಾರು ಸಾಕು. ಆ ಐದಾರರಲ್ಲಿ ಏನು ಬರೆಯಬೇಕು ಎಂಬುದು ಡಿಸೈನರನ ಕೆಲಸ ಎಂದು ಹಲವರು ತಿಳಿಯುತ್ತಾರೆ. ನಿಜದಲ್ಲಿ ಅದು ಮೊದಲು ಗೋದಾಮಿನಲ್ಲಿ ಕೂತು ಮಾಡಬೇಕಾದ ಲೆಕ್ಕ.

ಒಂದು ಊಹೆಯ ಉದ್ಯಮವನ್ನೇ ತೆಗೆದುಕೊಂಡು ನೋಡೋಣ. ಮಲೆನಾಡಿನ ಒಂದು ಊರಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಆನ್‌ಲೈನಿನಲ್ಲಿ ಮಾರುವ ಹತ್ತು ಜನರ ಮನೆ. ದಿನಕ್ಕೆ ಸುಮಾರು 60 ಆರ್ಡರ್ ಬರುತ್ತವೆ, ಕೈ ಜೋರು ಮಾಡಿದರೆ 110 ಡಬ್ಬಿ ಕಟ್ಟಬಲ್ಲರು. ದೀಪಾವಳಿಗೆಂದು ಮೂರು ದಿನದ ‘ಹಬ್ಬದ ಡಬ್ಬಿ’ ಆಫರ್ ಬಿಟ್ಟರು. 900 ಆರ್ಡರ್ ಬಂದವು. ಆ ಮೂರು ದಿನದಲ್ಲಿ 330 ಡಬ್ಬಿ ಹೊರಟವು, 570 ಉಳಿದವು. ಇವತ್ತು 10ನೇ ತಾರೀಖು, ಭಾನುವಾರ. ಹಬ್ಬ 18ಕ್ಕೆ. ಕಾಮೆಂಟುಗಳಲ್ಲಿ ‘ನನ್ನ ಆರ್ಡರ್ ಎಲ್ಲಿ?’ ಶುರುವಾಗಿದೆ.

ಇಲ್ಲಿ ಒಂದು ಒಳಗಿನ ಸಂಗತಿ ಹೇಳಬೇಕು. ಗ್ರಾಹಕರ ಸಿಟ್ಟಿಗೆ ತಡವೊಂದೇ ಕಾರಣವಲ್ಲ. ಅವರ ಫೋನಿಗೆ ಮೂರು ದಿನದ ಹಿಂದೆಯೇ ‘ನಿಮ್ಮ ಪಾರ್ಸಲ್ ಹೊರಟಿದೆ’ ಎಂಬ ಸಂದೇಶ ಬಂದಿದೆ. ಅನೇಕ ಸಣ್ಣ ಅಂಗಡಿಗಳ ಸಾಫ್ಟ್‌ವೇರಿನಲ್ಲಿ ಈ ಸಂದೇಶ ಹೋಗುವುದು ಕೊರಿಯರ್ ಲೇಬಲ್ ಪ್ರಿಂಟ್ ಆದ ಕ್ಷಣಕ್ಕೆ, ವ್ಯಾನ್ ಬಂದು ಡಬ್ಬಿ ಎತ್ತಿಕೊಂಡ ಮೇಲಲ್ಲ. ಲೇಬಲ್ ಅಂಟಿಸಿಕೊಂಡ ಡಬ್ಬಿ ಇನ್ನೂ ಮೂಲೆಯಲ್ಲಿ ಕೂತಿರುತ್ತದೆ. ಗ್ರಾಹಕರು ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿದರೆ ‘ಲೇಬಲ್ ಸಿದ್ಧವಾಗಿದೆ’ ಎಂಬ ಒಂದೇ ಸಾಲು ದಿನಗಟ್ಟಲೆ ಅಲ್ಲಾಡದೆ ನಿಂತಿರುತ್ತದೆ. ಕೊರಿಯರಿನವರು ಕಳೆದುಹಾಕಿದರು ಎಂದು ಅವರು ಬೈಯುತ್ತಾರೆ, ಅಂಗಡಿಯವರೂ ಸುಮ್ಮನಿದ್ದು ಬೈಗುಳಕ್ಕೆ ದಾರಿ ಬಿಡುತ್ತಾರೆ. ಪ್ರಾಮಾಣಿಕ ವಿವರಣೆ ಶುರುವಾಗಬೇಕಾದದ್ದು ಇಲ್ಲಿಂದ: ಡಬ್ಬಿ ಹೊರಟಿಲ್ಲ, ಹೊರಟಿದೆ ಎಂದು ನಾವು ತಪ್ಪು ಹೇಳಿದೆವು.

ಈಗ ಲೆಕ್ಕ. ಅಂಗಡಿ ತೆರೆದೇ ಇಟ್ಟರೆ ದಿನಕ್ಕೆ 60 ಹೊಸ ಆರ್ಡರ್ ಸೇರುತ್ತವೆ, ಕಟ್ಟುವ 110ರಲ್ಲಿ ಬಾಕಿ ಕರಗುವುದು 50 ಮಾತ್ರ. 570 ಮುಗಿಯಲು ಹನ್ನೆರಡು ದಿನ ಬೇಕು. ಹೊಸ ಆರ್ಡರ್ ನಿಲ್ಲಿಸಿದರೆ ಆರು ದಿನ. ಅಕ್ಕಪಕ್ಕದ ನಾಲ್ವರನ್ನು ಕರೆಸಿದರೆ ದಿನಕ್ಕೆ 160 ಕಟ್ಟಬಹುದು, ನಾಲ್ಕು ದಿನಕ್ಕೆ ಮುಗಿಯಿತು ಎಂದು ಮನಸ್ಸು ಹಿಗ್ಗುತ್ತದೆ. ಅಲ್ಲೇ ಎಡವುವುದು. ಕೊರಿಯರ್ ವ್ಯಾನಿನಲ್ಲಿ ಹಿಡಿಯುವುದು 120, ಬರುವುದು ದಿನಕ್ಕೊಮ್ಮೆ. ಕಟ್ಟಿದ್ದೆಲ್ಲ ಹೋಗುವುದಿಲ್ಲ, ಹೋಗುವಷ್ಟೇ ಲೆಕ್ಕಕ್ಕೆ. ಸೋಮವಾರ 11ರಿಂದ ದಿನಕ್ಕೆ 120ರಂತೆ ಮೂರು ದಿನದಲ್ಲಿ 360 ಡಬ್ಬಿ ಹೋಗುತ್ತವೆ. ದಾರಿಯಲ್ಲಿ ನಾಲ್ಕು ದಿನ ಹಿಡಿದರೆ ಅವು 17ರೊಳಗೆ ತಲುಪುತ್ತವೆ. ಉಳಿದ 210 ಡಬ್ಬಿ 14 ಮತ್ತು 15ಕ್ಕೆ ಹೊರಡುತ್ತವೆ, ಹಬ್ಬಕ್ಕೆ ಸಿಗುವ ಭರವಸೆ ಇಲ್ಲ. ಈ 210 ಜನಕ್ಕೆ ‘ಶೀಘ್ರದಲ್ಲೇ’ ಎಂದು ಹೇಳುವುದು ಎರಡನೇ ಸುಳ್ಳು.

ಈ ಲೆಕ್ಕ ಕೈಯಲ್ಲಿದ್ದರೆ ಪೋಸ್ಟ್ ತಾನಾಗಿ ಬರೆಸಿಕೊಳ್ಳುತ್ತದೆ. ಮೊದಲ ಚಿತ್ರದಲ್ಲಿ ಎರಡೇ ಸಾಲು: ‘570 ಹಬ್ಬದ ಡಬ್ಬಿಗಳನ್ನು ನಾವು ಹೇಳಿದ ದಿನ ಕಳಿಸಿಲ್ಲ. ತಪ್ಪು ನಮ್ಮದು, ಕ್ಷಮಿಸಿ.’ ಒಂದೇ ಬಣ್ಣದ ಹಿನ್ನೆಲೆ, ದೊಡ್ಡ ಅಕ್ಷರ, ಉಪ್ಪಿನಕಾಯಿ ಭರಣಿಯ ಚಂದದ ಫೋಟೊ ಇಲ್ಲ. ಸಂಸ್ಥೆಯ ಲೆಟರ್‌ಹೆಡ್ಡಿನಂಥ ವಿನ್ಯಾಸವನ್ನೂ ಬಿಡುವುದು ಕ್ಷೇಮ. 2025ರ ನವೆಂಬರಿನಲ್ಲಿ ಭಾರತದ ಹಲವು ಬ್ರ್ಯಾಂಡುಗಳು ‘ನಮ್ಮ ವಸ್ತು ಅತಿಯಾಗಿ ಚೆನ್ನಾಗಿರುವುದಕ್ಕೆ ಕ್ಷಮೆಯಿರಲಿ’ ಎಂದು ತಮಾಷೆಯ ಕ್ಷಮಾಪಣೆ ಪತ್ರಗಳನ್ನು ಸಾಲುಸಾಲಾಗಿ ಹಾಕಿದವು. ಅದಾದ ಮೇಲೆ ಆ ರೂಪದ ನಿಜವಾದ ಪತ್ರ ಕಂಡರೂ ಓದುಗರ ಬೆರಳು ನಗುತ್ತ ಮುಂದೆ ಸರಿಯಬಹುದು. ಹಾಸ್ಯಕ್ಕೆಂದು ಸವೆಸಿದ ನಾಣ್ಯ ವ್ಯವಹಾರಕ್ಕೆ ನಡೆಯುವುದು ಕಷ್ಟ.

ಎರಡನೇ ಚಿತ್ರ ಕಾರಣ ಹೇಳುತ್ತದೆ. ‘ದಿನಕ್ಕೆ 110 ಡಬ್ಬಿ ಕಟ್ಟಬಲ್ಲ ನಾವು ಮೂರು ದಿನದಲ್ಲಿ 900 ಆರ್ಡರ್ ತೆಗೆದುಕೊಂಡೆವು. ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಪಾರ್ಸಲ್ ಹೊರಟಿದೆ ಎಂದು ನಿಮಗೆ ಬಂದ ಸಂದೇಶವೂ ತಪ್ಪು, ಲೇಬಲ್ ಮಾತ್ರ ತಯಾರಾಗಿತ್ತು.’ ಅಷ್ಟೇ. ಆ ವಾರ ಘಟ್ಟದಲ್ಲಿ ಮಳೆಯೂ ಬಂದು ಒಂದು ದಿನ ವ್ಯಾನ್ ತಡವಾಗಿದ್ದಿರಬಹುದು. ಅದನ್ನು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಿದರೆ ಓದಿದವರ ನೆನಪಿನಲ್ಲಿ ಮಳೆ ಮಾತ್ರ ಉಳಿಯುತ್ತದೆ.

ಮಳೆಯ ಮಾತಿಗೆ ಕಾನೂನಿನ ತೂಕವೂ ಇದೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ವಸ್ತು ತಲುಪಿದರೆ ಅದನ್ನು ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ತಡಕ್ಕೆ ಪ್ರಕೃತಿ ವಿಕೋಪದಂಥ ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ. ಹಾಗಾಗಿ ಆರ್ಡರ್ ಹೆಚ್ಚಾಗಿ ತಡವಾದದ್ದನ್ನು ಮಳೆಯ ತಲೆಗೆ ಕಟ್ಟುವುದು ಬರೀ ಮುಖ ಉಳಿಸಿಕೊಳ್ಳುವ ಮಾತಾಗಿ ಉಳಿಯುವುದಿಲ್ಲ, ಗ್ರಾಹಕರ ಹಕ್ಕೊಂದನ್ನು ಮೆಲ್ಲಗೆ ಕಸಿದಂತೆಯೂ ಆಗುತ್ತದೆ. ದೂರು ಕೊಟ್ಟವರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂಬುದೂ ಅದೇ ನಿಯಮಗಳಲ್ಲಿದೆ. ಯಾರೂ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮೂರನೇ ಚಿತ್ರವೇ ಇಡೀ ಸರಣಿಯ ಜೀವ. ಅದರಲ್ಲಿ ಓದುಗರು ತಮ್ಮನ್ನು ತಾವು ಹುಡುಕಿಕೊಳ್ಳುವಂತಿರಬೇಕು. ‘ಆರ್ಡರ್ ಸಂಖ್ಯೆ 4431ರಿಂದ 4790: 13ರೊಳಗೆ ಹೊರಡುತ್ತದೆ, 17ರೊಳಗೆ ತಲುಪಬೇಕು. 4791ರಿಂದ 5000: 15ರೊಳಗೆ ಹೊರಡುತ್ತದೆ, ಹಬ್ಬಕ್ಕೆ ಸಿಗುವುದಿಲ್ಲ, 20ರೊಳಗೆ ತಲುಪುತ್ತದೆ.’ ಲೆಕ್ಕದಲ್ಲಿ 19 ಬಂದರೂ 20 ಎಂದು ಬರೆದದ್ದು ಜಾಣತನವೇ. ಒಮ್ಮೆ ಪೋಸ್ಟ್ ಮಾಡಿದ ಮೇಲೆ ಚಿತ್ರದೊಳಗಿನ ಅಕ್ಷರ ತಿದ್ದಲಾಗುವುದಿಲ್ಲ, ಕೆಳಗಿನ ಬರಹವನ್ನಷ್ಟೇ ತಿದ್ದಬಹುದು. ಕ್ಷಮಾಪಣೆಗೇ ಇನ್ನೊಂದು ಕ್ಷಮಾಪಣೆ ಬರೆಯುವ ಸ್ಥಿತಿಗಿಂತ ಹಾಸ್ಯಾಸ್ಪದ ಬೇರೆ ಇಲ್ಲ.

ನಾಲ್ಕನೆಯದರಲ್ಲಿ ಗ್ರಾಹಕರ ಆಯ್ಕೆ. ಬೇಡವೆಂದರೆ ‘ಬೇಡ’ ಎಂದು ವಾಟ್ಸ್ಆ್ಯಪ್ ಮಾಡಿ, ಪೂರ್ತಿ ಹಣ ಅದೇ ದಿನ ಮರಳಿಸುತ್ತೇವೆ, ಬ್ಯಾಂಕಿನಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದು. 17ರ ಮಾತು ಕೊಟ್ಟವರಿಗೆ ಅಂದು ಸಂಜೆಯೊಳಗೆ ಬರದಿದ್ದರೆ ಹಣ ವಾಪಸ್, ತಡವಾಗಿ ಬರುವ ಡಬ್ಬಿಯೂ ಅವರದೇ. ಕಾರಣ ಕೇಳುವ ಫಾರಂ ಬೇಡ. ಮುಂದಿನ ಖರೀದಿಗೆ ಶೇ 10 ರಿಯಾಯಿತಿ ಕೂಪನ್ನಂತೂ ಖಂಡಿತ ಬೇಡ. ಇದೇ ಅಂಗಡಿಯಲ್ಲಿ ಇನ್ನೊಮ್ಮೆ ದುಡ್ಡು ಹಾಕಿ ಎಂದು ಈಗ ಹೇಳುವುದು, ಮದುವೆ ಮನೆಯಲ್ಲಿ ಊಟ ಸಾಲದೆ ಎದ್ದವರಿಗೆ ಮುಂದಿನ ಮದುವೆಯ ಆಮಂತ್ರಣ ಕೊಟ್ಟಂತೆ.

ಐದನೆಯದು ಸರಿಪಡಿಸಿದ್ದು: ಬಾಕಿ ಮುಗಿಯುವವರೆಗೆ ಹೊಸ ಆರ್ಡರ್ ಇಲ್ಲ, ಆಮೇಲೆ ದಿನಕ್ಕೆ 100ಕ್ಕೆ ತಾನಾಗಿ ನಿಲ್ಲುವ ಮಿತಿ. ‘ಗುಣಮಟ್ಟಕ್ಕೆ ಬದ್ಧ’ ಎಂಬಂಥ ಮಾತನ್ನು ಯಾರೂ ಪರೀಕ್ಷಿಸಲಾರರು. ಮುಚ್ಚಿದ ಅಂಗಡಿಯನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಹಬ್ಬದ ವಾರದಲ್ಲಿ ವ್ಯಾಪಾರ ನಿಲ್ಲಿಸುವುದು ನಷ್ಟ, ನಿಜ. ಆ ನಷ್ಟ ಕಣ್ಣಿಗೆ ಕಾಣುವುದರಿಂದಲೇ ಉಳಿದ ಮಾತಿಗೆ ಬೆಲೆ ಬರುತ್ತದೆ.

ಸಂಯಮದ ವಿಷಯಕ್ಕೆ ಬಂದರೆ, ದೊಡ್ಡವರ ಒಂದು ನಿದರ್ಶನ ನೆನಪಾಗುತ್ತದೆ. 2018ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿ ತನ್ನ ಸಾಗಣೆಯನ್ನು ಬಿಡ್‌ವೆಸ್ಟ್ ಕಂಪನಿಯಿಂದ ಡಿಎಚ್‌ಎಲ್‌ಗೆ ವಹಿಸಿತು. ರಗ್ಬಿ ಊರಿನ ಒಂದೇ ಗೋದಾಮಿನಿಂದ ಸುಮಾರು 900 ಅಂಗಡಿಗಳಿಗೆ ಕೋಳಿ ಹೋಗಬೇಕಿತ್ತು. ಹೋಗಲಿಲ್ಲ, ಅರ್ಧಕ್ಕಿಂತ ಹೆಚ್ಚು ಅಂಗಡಿ ಮುಚ್ಚಿದವು. ಕಂಪನಿ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಹಾಕಿತು: ಖಾಲಿ ಬಕೆಟ್, ಅದರ ಮೇಲೆ ತನ್ನದೇ ಮೂರು ಅಕ್ಷರಗಳನ್ನು ಇಂಗ್ಲಿಷ್ ಬೈಗುಳದಂತೆ ಕಾಣುವ ಹಾಗೆ ಅದಲುಬದಲು ಮಾಡಿ. ಆ ತುಂಟತನವನ್ನು ಎಲ್ಲರೂ ಹೊಗಳುತ್ತಾರೆ, ನಕಲು ಮಾಡುತ್ತಾರೆ. ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಕಡಿಮೆ ಜನ ಓದಿದ್ದಾರೆ. ದೂರದಿಂದ ಬಂದು ಮುಚ್ಚಿದ ಬಾಗಿಲು ಕಂಡವರಿಗೆ ಪ್ರತ್ಯೇಕ ಕ್ಷಮೆ ಇತ್ತು, ದುಡಿಯುತ್ತಿದ್ದ ನೌಕರರಿಗೆ ಕೃತಜ್ಞತೆ ಇತ್ತು. ಡಿಎಚ್‌ಎಲ್ ಹೆಸರು ಎಲ್ಲೂ ಇರಲಿಲ್ಲ. ಮುಂದಿನ ತಿಂಗಳು ನೂರಾರು ಅಂಗಡಿಗಳ ಸರಬರಾಜು ಬಿಡ್‌ವೆಸ್ಟ್‌ಗೇ ಮರಳಿತು. ಕರಿದ ಕೋಳಿ ಒಂದು ಸಂಜೆ ತಪ್ಪಿದರೆ ನಗಬಹುದು. ತವರಿನಿಂದ ಮಗಳಿಗೆಂದು ಕಳಿಸಿದ ಹಬ್ಬದ ಡಬ್ಬಿ ತಪ್ಪಿದಾಗ ತಮಾಷೆ ಮಾಡುವ ಅಧಿಕಾರ ಅಂಗಡಿಯವರಿಗಿಲ್ಲ.

ಹಾಗೆಯೇ ಕಣ್ಣೀರಿನ ವಿಡಿಯೊ, ‘ರಾತ್ರಿಯೆಲ್ಲ ನಿದ್ದೆಯಿಲ್ಲ’ ಎಂಬ ಮಾಲೀಕರ ಗೋಳು, ‘ನೀವು ನಮ್ಮ ಕುಟುಂಬದವರು’ ಎಂಬ ಅಪ್ಪುಗೆ. ಇವೆಲ್ಲ ಸಮಾಧಾನ ಹೇಳುವ ಹೊರೆಯನ್ನು ಗ್ರಾಹಕರ ಹೆಗಲಿಗೆ ದಾಟಿಸುತ್ತವೆ.

ಇನ್ನೊಂದು ಮಾತು, ಪೋಸ್ಟಿಗೂ ಮೊದಲು 570 ಜನಕ್ಕೂ ನೇರ ಸಂದೇಶ ಹೋಗಿರಬೇಕು. ತನ್ನ ಡಬ್ಬಿಯ ಸುದ್ದಿಯನ್ನು ಊರಿನ ಜೊತೆಗೆ ಓದಿ ತಿಳಿಯುವುದು ಯಾರಿಗೂ ಹಿತವಲ್ಲ. ಆಮೇಲೆ ಕಾಮೆಂಟುಗಳೇ ತೀರ್ಪು ಹೇಳುತ್ತವೆ. ಸಿಟ್ಟು ಇದ್ದರೆ ಚಿಂತೆಯಿಲ್ಲ, ಇರಬೇಕಾದದ್ದೇ. ಆದರೆ ಮರುದಿನವೂ ‘ನನ್ನದು ಯಾವಾಗ ಬರುತ್ತೆ?’ ಎಂಬ ಪ್ರಶ್ನೆಯೇ ಸಾಲುಗಟ್ಟಿದರೆ ಮೂರನೇ ಚಿತ್ರ ಅರ್ಥವಾಗಿಲ್ಲ ಎಂದರ್ಥ. ಆಗ ಸಂಖ್ಯೆ, ತಾರೀಖುಗಳನ್ನು ಕಾಮೆಂಟಿನಲ್ಲಿ ಬರೆದು ಮೇಲೆ ಪಿನ್ ಮಾಡಬೇಕು.

21ನೇ ತಾರೀಖು ಒಂದೇ ಚಿತ್ರದ ಇನ್ನೊಂದು ಪೋಸ್ಟ್ ಬರಬೇಕು: ಎಷ್ಟು ತಲುಪಿದವು, ಎಷ್ಟು ಜನರಿಗೆ ಹಣ ಮರಳಿತು, ಎಷ್ಟು ಇನ್ನೂ ದಾರಿಯಲ್ಲಿವೆ. ಕೊನೆಗೆ ಒಂದು ಸಾಲು: ‘ಪಾರ್ಸಲ್ ಹೊರಟಿದೆ ಎಂಬ ಸಂದೇಶ ಇನ್ನು ಮುಂದೆ ವ್ಯಾನಿನವರು ಡಬ್ಬಿ ಸ್ಕ್ಯಾನ್ ಮಾಡಿದ ಮೇಲಷ್ಟೇ ಬರುತ್ತದೆ.’