ಒಂದು ಸಾಲಿನ ಬದಲಾವಣೆ, ಎರಡು ಬಿಲ್ಲುಗಳ ತೊಡಕು
ತಂತ್ರಾಂಶದ ಬಿಡುಗಡೆ ಟಿಪ್ಪಣಿಯನ್ನು ಮಾಲೀಕರಿಗೆ ತಿಳಿಯುವಂತೆ ಬರೆಯುವ ಬಗೆ

ಸರಕು ಸಾಗಣೆಯ ದಾಖಲೆಯನ್ನು ಗಣಕದ ಮೂಲಕ ಪಡೆಯುವ ಪದ್ಧತಿ ಕರ್ನಾಟಕದ ವರ್ತಕರಿಗೆ ಹೊಸತಲ್ಲ. ವ್ಯಾಟ್ ಕಾಲದ ಇ-ಸುಗಮ ವ್ಯವಸ್ಥೆಯನ್ನು ಬಳಸಿ ಪಳಗಿದ್ದ ರಾಜ್ಯವಿದು. ಜಿಎಸ್‌ಟಿಯ ಇ-ವೇ ಬಿಲ್ ಕೂಡ 2017ರ ಸೆಪ್ಟೆಂಬರಿನಲ್ಲಿ ಮೊದಲು ಇಲ್ಲಿಯೇ ಜಾರಿಗೆ ಬಂದು, ಆನಂತರ ದೇಶಕ್ಕೆಲ್ಲ ವಿಸ್ತರಿಸಿತು. ಆದರೆ ಈ ವ್ಯವಸ್ಥೆಗಳಲ್ಲಿ ಆಗಾಗ್ಗೆ ಆಗುವ ಮಾರ್ಪಾಡುಗಳ ಟಿಪ್ಪಣಿ ಬರೆಯಲ್ಪಡುವುದು ತಂತ್ರಾಂಶ ತಯಾರಕರಿಗಾಗಿ. ಅದನ್ನು ಓದಿ ಮಾಲೀಕರಿಗೆ ವಿವರಿಸಬೇಕಾದ ಹೊಣೆ ಬೀಳುವುದು ಕಚೇರಿಯ ಲೆಕ್ಕಿಗರ ಮೇಲೆ. ಅವರು ಅದನ್ನು ಹಾಗೆಯೇ ಮುದ್ರಿಸಿ ಮೇಜಿನ ಮೇಲಿಟ್ಟರೆ ಮಾಲೀಕರು ಓದುವುದಿಲ್ಲ; ಓದಿದರೂ ತಮಗೆ ಸಂಬಂಧಿಸಿದ್ದು ಯಾವುದೆಂದು ತಿಳಿಯುವುದಿಲ್ಲ.

2025ರ ಏಪ್ರಿಲ್ ತಿಂಗಳಿನಲ್ಲಿ ಪ್ರಕಟವಾದ ಒಂದು ಸೂಚನೆ ಇದಕ್ಕೆ ಉತ್ತಮ ನಿದರ್ಶನ. ಅದರ ಸಾರಾಂಶ ಇಷ್ಟೇ: 2025ರ ಜೂನ್ 1ರಿಂದ ಇ-ಇನ್‌ವಾಯ್ಸ್ ನೋಂದಣಿ ಸಂಖ್ಯೆಯನ್ನು, ಅಂದರೆ ಐಆರ್‌ಎನ್ ಅನ್ನು, ರಚಿಸುವಾಗ ಇನ್‌ವಾಯ್ಸ್ ಸಂಖ್ಯೆಯಲ್ಲಿರುವ ಇಂಗ್ಲಿಷ್ ಅಕ್ಷರಗಳ ಸಣ್ಣ-ದೊಡ್ಡ ಭೇದವನ್ನು ಗಣಿಸಲಾಗದು, abc, Abc, ABC ಎಲ್ಲವನ್ನೂ ದೊಡ್ಡಕ್ಷರಕ್ಕೆ ಪರಿವರ್ತಿಸಿಯೇ ಐಆರ್‌ಎನ್ ನೀಡಲಾಗುವುದು. ಮೇಲುನೋಟಕ್ಕೆ ಇದು ಕ್ಷುಲ್ಲಕ ಸಂಗತಿ. ‘ಐಆರ್‌ಎನ್ ಇನ್ನು ಮುಂದೆ ಕೇಸ್ ಇನ್‌ಸೆನ್ಸಿಟಿವ್ ಆಗಲಿದೆ’ ಎಂದು ಲೆಕ್ಕಿಗರು ಬರೆದರೆ ಅದು ಸುಳ್ಳಲ್ಲ, ಆದರೆ ಅದರಿಂದ ಮಾಲೀಕರಿಗೆ ಪ್ರಯೋಜನವೂ ಇಲ್ಲ.

ಉಪಯುಕ್ತವಾದ ಸಾರಾಂಶ ಬರೆಯಲು ಒಳಗಿನ ಕೆಲಸದ ರೀತಿಯನ್ನು ಸ್ವಲ್ಪ ಅರಿಯಬೇಕು. ಐಆರ್‌ಎನ್ ಎಂಬುದು 64 ಅಕ್ಷರಗಳ ಒಂದು ಗುರುತು. ಸರಬರಾಜುದಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಎಂಬ ನಾಲ್ಕು ಅಂಶಗಳಿಂದ ಮಾತ್ರ ಅದನ್ನು ಲೆಕ್ಕ ಹಾಕಲಾಗುತ್ತದೆ. ಖರೀದಿದಾರರ ಹೆಸರಾಗಲಿ, ಬಿಲ್ಲಿನ ಮೊತ್ತವಾಗಲಿ ಆ ಲೆಕ್ಕದಲ್ಲಿ ಸೇರುವುದಿಲ್ಲ. ಹೀಗಾಗಿ ಮೊದಲು a/101 ಮತ್ತು A/101 ಎಂಬ ಎರಡು ಬಿಲ್ಲುಗಳಿಗೆ ಎರಡು ಬೇರೆ ಐಆರ್‌ಎನ್ ದೊರೆಯುತ್ತಿದ್ದವು. ಆದರೆ ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1 ಈ ಭೇದವನ್ನು ಗಣಿಸುತ್ತಿರಲಿಲ್ಲ. ಈ ವ್ಯತ್ಯಾಸವನ್ನು ತೊಡೆದುಹಾಕುವುದೇ ಬದಲಾವಣೆಯ ಉದ್ದೇಶವಾಗಿತ್ತು.

ಈಗ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಕಚೇರಿ ವಿದ್ಯಾರಣ್ಯಪುರದಲ್ಲಿ, ಕಾರ್ಖಾನೆಯ ಶೆಡ್ಡು ಪೀಣ್ಯದಲ್ಲಿ, ಎರಡಕ್ಕೂ ಒಂದೇ ಜಿಎಸ್‌ಟಿ ಸಂಖ್ಯೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿರುವುದರಿಂದ 2023ರ ಆಗಸ್ಟ್ 1ರಿಂದಲೇ ಇ-ಇನ್‌ವಾಯ್ಸ್ ಕಡ್ಡಾಯ. ಪೀಣ್ಯದ ಗಣಕದಲ್ಲಿ ಬಿಲ್ಲುಗಳು A/1ರಿಂದ ಆರಂಭವಾಗುತ್ತವೆ. ವಿದ್ಯಾರಣ್ಯಪುರದ ಗಣಕದಲ್ಲಿ ಬಿಡಿಭಾಗಗಳ ಮಾರಾಟಕ್ಕೆ a/1ರಿಂದ. ಯಾರೂ ಯೋಚಿಸಿ ಮಾಡಿದ ಏರ್ಪಾಡಲ್ಲ ಇದು; ಎಂದೋ ಒಬ್ಬ ಗುಮಾಸ್ತರು ಹಾಗೆ ಆರಂಭಿಸಿದ್ದು ಹಾಗೆಯೇ ಉಳಿದಿದೆ. ಜೂನ್ ತಿಂಗಳಿನಲ್ಲಿ ಪೀಣ್ಯದಿಂದ A/101 ಸಂಖ್ಯೆಯ ಬಿಲ್ಲು ನೋಂದಣಿಯಾಗುತ್ತದೆ. ಮರುದಿನ ವಿದ್ಯಾರಣ್ಯಪುರದಿಂದ ಬೇರೊಬ್ಬ ಗ್ರಾಹಕರಿಗೆ a/101 ಕಳುಹಿಸಿದಾಗ, ಪರದೆಯ ಮೇಲೆ ದೋಷಸಂಖ್ಯೆ 2150, Duplicate IRN, ಎಂದು ಬರುತ್ತದೆ. ಗುಮಾಸ್ತರು ‘ಇದು ಆಗಲೇ ಹೋಗಿದೆ’ ಎಂದು ಭಾವಿಸಿ ಲಾರಿಯನ್ನು ಕಳುಹಿಸಿಬಿಟ್ಟರೆ ಆ ಸರಕಿಗೆ ಕಾನೂನಿನ ದೃಷ್ಟಿಯಲ್ಲಿ ಇನ್‌ವಾಯ್ಸ್ ಇಲ್ಲ. ಐಆರ್‌ಎನ್ ಕಡ್ಡಾಯವಾಗಿರುವಲ್ಲಿ ಅದಿಲ್ಲದ ಬಿಲ್ಲನ್ನು ಇನ್‌ವಾಯ್ಸ್ ಎಂದು ಪರಿಗಣಿಸಲಾಗುವುದಿಲ್ಲ ಎಂದು ನಿಯಮ 48 ಹೇಳುತ್ತದೆ.

ಇದಕ್ಕಿಂತ ಕೆಟ್ಟ ಸಾಧ್ಯತೆ ಇನ್ನೊಂದಿದೆ. ದೋಷಸಂದೇಶದ ಜೊತೆಗೆ ಮೊದಲು ನೀಡಿದ್ದ ಐಆರ್‌ಎನ್ ಕೂಡ ಮರಳಿ ಬರುತ್ತದೆ. ಅಂತರ್ಜಾಲ ಕಡಿದುಹೋದಾಗ ಅನುಕೂಲವಾಗಲೆಂದು, ಹಾಗೆ ಬಂದ ಹಳೆಯ ಸಂಖ್ಯೆಯನ್ನೇ ಮುದ್ರಿಸುವಂತೆ ಬಿಲ್ಲಿಂಗ್ ತಂತ್ರಾಂಶವನ್ನು ಬರೆದಿದ್ದರೆ, ಎರಡನೆಯ ಗ್ರಾಹಕರ ಬಿಲ್ಲಿನ ಮೇಲೆ ಮೊದಲನೆಯ ಗ್ರಾಹಕರ ಐಆರ್‌ಎನ್ ಅಚ್ಚಾಗುತ್ತದೆ. ಪರದೆಯಲ್ಲಿ ಯಾವ ಎಚ್ಚರಿಕೆಯೂ ಕಾಣದಿರಬಹುದು. ಪತ್ತೆಹಚ್ಚುವ ಉಪಾಯ ಸರಳ: ಬಿಲ್ಲಿನ ಕ್ಯುಆರ್ ಸಂಕೇತದಲ್ಲಿ ಖರೀದಿದಾರರ ಜಿಎಸ್‌ಟಿ ಸಂಖ್ಯೆ, ದಿನಾಂಕ ಹಾಗೂ ಒಟ್ಟು ಮೊತ್ತ ಅಡಕವಾಗಿರುತ್ತವೆ. ಇ-ಇನ್‌ವಾಯ್ಸ್ ಪರಿಶೀಲಿಸುವ ಆ್ಯಪ್‌ನಲ್ಲಿ ಅದನ್ನು ಓದಿಸಿ, ಮುದ್ರಿತ ಬಿಲ್ಲಿನೊಡನೆ ಹೋಲಿಸಿದರೆ ಸತ್ಯ ಹೊರಬೀಳುತ್ತದೆ.

ಇಷ್ಟನ್ನು ಅರಿತ ಲೆಕ್ಕಿಗರು ಮಾಲೀಕರಿಗೆ ಬರೆಯಬೇಕಾದ ಟಿಪ್ಪಣಿ ಹೀಗಿರಬಹುದು:

‘ಜೂನ್ 1ರಿಂದ ಬಿಲ್ ಸಂಖ್ಯೆಯ a ಮತ್ತು A ಒಂದೇ ಎಂದು ಪೋರ್ಟಲ್ ಪರಿಗಣಿಸಲಿದೆ. ನಮ್ಮ ಪೀಣ್ಯ ಮತ್ತು ವಿದ್ಯಾರಣ್ಯಪುರದ ಬಿಲ್ ಸರಣಿಗಳು ಇದರಿಂದ ಡಿಕ್ಕಿ ಹೊಡೆಯುತ್ತವೆ. ಒಂದು ಕಡೆಯ ಬಿಲ್ಲು ತಿರಸ್ಕೃತವಾಗುತ್ತದೆ. ಮೇ 31ರೊಳಗೆ ವಿದ್ಯಾರಣ್ಯಪುರದ ಸರಣಿಯನ್ನು V/1 ಎಂದು ಹೊಸದಾಗಿ ಆರಂಭಿಸಲು ತಮ್ಮ ಒಪ್ಪಿಗೆ ಬೇಕು. ಈಗಾಗಲೇ ನೋಂದಣಿಯಾದ ಬಿಲ್ಲುಗಳನ್ನು ಮುಟ್ಟುವುದಿಲ್ಲ. ತೆರಿಗೆಯ ದರ, ಮೊತ್ತ, ಇ-ವೇ ಬಿಲ್ಲಿನ ಅವಧಿ ಯಾವುದೂ ಇದರಿಂದ ಬದಲಾಗುವುದಿಲ್ಲ. ದೋಷ 2150 ಬಂದಾಗ ನಮ್ಮ ತಂತ್ರಾಂಶ ಹಳೆಯ ಐಆರ್‌ಎನ್ ಮುದ್ರಿಸುತ್ತದೆಯೇ ಎಂದು ಪೂರೈಕೆದಾರರನ್ನು ಲಿಖಿತವಾಗಿ ಕೇಳಿದ್ದೇನೆ, ಉತ್ತರ ಬಂದಿಲ್ಲ.’

ಈ ಟಿಪ್ಪಣಿಯಲ್ಲಿ ಗಮನಿಸತಕ್ಕದ್ದು, ಮೂಲದಲ್ಲಿ ಇಲ್ಲದ ಎರಡು ಸಂಗತಿಗಳು ಇಲ್ಲಿವೆ. ತಮ್ಮ ಸಂಸ್ಥೆಯ ಸರಣಿಗಳ ಸ್ಥಿತಿ ಒಂದು. ಏನು ಬದಲಾಗುವುದಿಲ್ಲ ಎಂಬುದು ಮತ್ತೊಂದು. ಎರಡನೆಯದನ್ನು ಬರೆಯದಿದ್ದರೆ ಮಾಲೀಕರು ದರವೇ ಬದಲಾಯಿತೇನೋ ಎಂದು ಲೆಕ್ಕಪರಿಶೋಧಕರಿಗೆ ದೂರವಾಣಿ ಮಾಡುವುದು ಖಚಿತ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದಿರುವುದೂ ಸರಿಯಾದ ಕ್ರಮ. ಹೊಸ ಸರಣಿಯ ಸಂಖ್ಯೆ 16 ಅಕ್ಷರಗಳನ್ನು ಮೀರದಂತೆ, ಆ ಆರ್ಥಿಕ ವರ್ಷದಲ್ಲಿ ಪುನರಾವರ್ತನೆ ಆಗದಂತೆ ನೋಡಿಕೊಳ್ಳುವುದು ಲೆಕ್ಕಿಗರ ಕೆಲಸ. ಮಾಲೀಕರ ಟಿಪ್ಪಣಿಗೆ ಅದು ಬೇಡ.

ದಿನಾಂಕಗಳ ವಿಷಯದಲ್ಲಿ ಲೆಕ್ಕಿಗರು ವಿಶೇಷವಾಗಿ ಎಡವುತ್ತಾರೆ. ತಂತ್ರಾಂಶ ತಯಾರಕರಿಗೆ ಪರೀಕ್ಷಿಸಿ ನೋಡಲು ಬದಲಾವಣೆಯನ್ನು ಮೊದಲು ‘ಸ್ಯಾಂಡ್‌ಬಾಕ್ಸ್’ ಎಂಬ ಪ್ರಯೋಗದ ಅಂಗಳದಲ್ಲಿ ಬಿಟ್ಟು, ಆಮೇಲೆ ನಿಜವಾದ ವ್ಯವಸ್ಥೆಗೆ, ಅಂದರೆ ‘ಪ್ರೊಡಕ್ಷನ್’ಗೆ ತರುವುದು ರೂಢಿ. ಟಿಪ್ಪಣಿಯಲ್ಲಿ ಎರಡು ದಿನಾಂಕಗಳಿದ್ದರೆ ಮಾಲೀಕರಿಗೆ ತಿಳಿಸಬೇಕಾದದ್ದು ಎರಡನೆಯದು.

ಎಲ್ಲ ಬದಲಾವಣೆಗಳೂ ಅಕ್ಷರದ ಮಟ್ಟದವಲ್ಲ. 2025ರ ಜನವರಿ 1ರಿಂದ, 180 ದಿನಗಳಿಗಿಂತ ಹಳೆಯ ಬಿಲ್ಲಿಗೆ ಇ-ವೇ ಬಿಲ್ ಪಡೆಯಲಾಗದಂತೆ ಮಾಡಲಾಯಿತು. ಅವಧಿ ವಿಸ್ತರಣೆಯನ್ನು ಮೂಲ ಇ-ವೇ ಬಿಲ್ಲಿನ ದಿನದಿಂದ 360 ದಿನಗಳಿಗೆ ಮಿತಿಗೊಳಿಸಲಾಯಿತು. ದಿನವೂ ಸರಕು ಕಳುಹಿಸುವ ಕಿರಾಣಿ ಸಗಟು ವರ್ತಕರಿಗೆ ಇದರಿಂದ ಏನೂ ಆಗದು. ಆದರೆ ಯಂತ್ರಕ್ಕೆ ಬಿಲ್ಲು ಮಾಡಿ, ಗ್ರಾಹಕರ ಕಟ್ಟಡ ಸಿದ್ಧವಾಗಿಲ್ಲವೆಂದು ಏಳು ತಿಂಗಳು ಶೆಡ್ಡಿನಲ್ಲಿಯೇ ಇರಿಸಿಕೊಂಡ ತಯಾರಕರಿಗೆ ಸಾಗಣೆಯೇ ನಿಲ್ಲುತ್ತದೆ. ಇಲ್ಲಿ ಲೆಕ್ಕಿಗರು ನಿಯಮವನ್ನು ನಕಲು ಮಾಡುವ ಬದಲು ಬಿಲ್ಲಾಗಿಯೂ ಹೊರಡದ ಸರಕಿನ ಪಟ್ಟಿಯನ್ನು ತೆಗೆದು, ಪ್ರತಿಯೊಂದರ ಮುಂದೆ 180ನೆಯ ದಿನ ಯಾವುದೆಂದು ಬರೆದುಕೊಟ್ಟರೆ ಸಾಕು. ಅಂತಹ ಸರಕು ಇಲ್ಲದಿದ್ದರೆ ‘ನಮಗೆ ಅನ್ವಯಿಸುವುದಿಲ್ಲ’ ಎಂಬ ಒಂದೇ ಸಾಲು, ಪರಿಶೀಲಿಸಿದ ದಿನಾಂಕದೊಡನೆ.